ಕಡೆದ ಮಜ್ಜಿಗೆ, ನೀರು ಬೆರೆಸಿದ ಮೊಸರು: ಪದೇ ಪದೇ ಕೇಳುವ ಪ್ರಶ್ನೆಗಳು

ಮೊಸರಿಗೆ ನೀರು ಹಾಕಿ ಚೆನ್ನಾಗಿ ಕಲಕಿದರೆ ಅದು ಮಜ್ಜಿಗೆ ಅಲ್ಲವೇ?

ಮಾತಿನಲ್ಲಿ ಎರಡನ್ನೂ ಮಜ್ಜಿಗೆ ಎಂದೇ ಕರೆಯುತ್ತೇವೆ. ಆದರೆ ಅವೆರಡರ ನಡುವೆ ಒಂದು ವಸ್ತುವಿನ ವ್ಯತ್ಯಾಸವಿದೆ, ಅದು ಬೆಣ್ಣೆ. ಕಡಗೋಲಿನಿಂದ ಕಡೆದು ಬೆಣ್ಣೆ ತೆಗೆದ ಮೇಲೆ ಉಳಿಯುವುದು ಕಡೆದ ಮಜ್ಜಿಗೆ. ಮೊಸರಿನಲ್ಲಿದ್ದ ಬೆಣ್ಣೆಯೆಲ್ಲ ಒಳಗೇ ಇದ್ದು, ನೀರು ಮಾತ್ರ ಸೇರಿದ್ದರೆ ಅದು ತೆಳು ಮಾಡಿದ ಮೊಸರು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹಸು ಸಾಕಿದ ಮನೆಗಳಲ್ಲಿ ಈಗಲೂ ಮೊದಲನೆಯದು ಸಿಗುತ್ತದೆ. ಶಿವಮೊಗ್ಗ ಪೇಟೆಯ ಬಹುಪಾಲು ಮನೆಗಳಲ್ಲೂ ಹೋಟೆಲುಗಳಲ್ಲೂ ಸಿಗುವುದು ಎರಡನೆಯದು.

ಕಲಕುವುದಕ್ಕೂ ಕಡೆಯುವುದಕ್ಕೂ ಏನು ಅಂತರ ಎಂಬುದು ಇಲ್ಲಿ ಮುಖ್ಯ. ಹಾಲಿನ ಕೊಬ್ಬು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿರುತ್ತದೆ. ಪ್ರತಿ ಹನಿಗೂ ತೆಳ್ಳನೆಯ ಒಂದು ಪೊರೆ ಇರುತ್ತದೆ, ಅದರಿಂದಾಗಿ ಹನಿಗಳು ಒಂದಕ್ಕೊಂದು ಅಂಟುವುದಿಲ್ಲ. ಸೌಟಿನಿಂದ ಕಲಕಿದರೆ ಮೊಸರಿನ ಗೆಡ್ಡೆ ಒಡೆಯುತ್ತದೆ, ಪೊರೆ ಒಡೆಯುವುದಿಲ್ಲ. ಕಡಗೋಲು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗುತ್ತ ಗಾಳಿಯನ್ನು ಒಳಗೆಳೆದು ನೊರೆ ಎಬ್ಬಿಸುತ್ತದೆ. ಹನಿಗಳು ನೊರೆಯ ಗುಳ್ಳೆಗಳ ಮೇಲೆ ಬಂದು ಕೂತು, ತಿಕ್ಕಾಟದಲ್ಲಿ ಪೊರೆ ಹರಿದು, ಒಂದಕ್ಕೊಂದು ಅಂಟಿ ರವೆಯಂಥ ಕಾಳಾಗುತ್ತವೆ. ಆ ಕಾಳೇ ಬೆಣ್ಣೆ. ಪೊರೆಯ ಚೂರುಗಳಲ್ಲಿ ಹೆಚ್ಚಿನ ಭಾಗ ಮಜ್ಜಿಗೆಯಲ್ಲೇ ಉಳಿಯುತ್ತದೆ.

ಪೌಷ್ಟಿಕಾಂಶದಲ್ಲಿ ನಿಜವಾಗಿ ಎಷ್ಟು ವ್ಯತ್ಯಾಸ? ಅಂಕಿಯಲ್ಲಿ ಹೇಳಿ.

ಒಂದೇ ಹಾಲಿನಿಂದ ಎರಡನ್ನೂ ಮಾಡಿ ನೋಡೋಣ. ಹಸುವಿನ ಹಾಲು 2 ಲೀಟರ್, ಕೊಬ್ಬು ಶೇ 4 ಎಂದಿಟ್ಟುಕೊಳ್ಳಿ. ಅಂದರೆ ಅದರಲ್ಲಿ ಸುಮಾರು 80 ಗ್ರಾಂ ಕೊಬ್ಬು, 64 ಗ್ರಾಂನಷ್ಟು ಪ್ರೋಟೀನ್, 2400 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ಇದೆ. ಹೆಪ್ಪು ಹಾಕಿ ಮೊಸರು ಮಾಡಿ, ಒಟ್ಟು ಒಂದೂವರೆ ಲೀಟರ್ ನೀರು ಸೇರಿಸಿದಿರಿ.

ಕಡೆಯದೆ ಬರೀ ಬೆರೆಸಿದರೆ ಮೂರೂವರೆ ಲೀಟರ್ ಆಗುತ್ತದೆ. 200 ಮಿಲಿಲೀಟರಿನ ಒಂದು ಲೋಟಕ್ಕೆ ಕೊಬ್ಬು 4.6 ಗ್ರಾಂ, ಪ್ರೋಟೀನ್ 3.7 ಗ್ರಾಂ, ಕ್ಯಾಲ್ಸಿಯಂ 135 ಮಿಲಿಗ್ರಾಂ ಆಸುಪಾಸು ಬರುತ್ತದೆ. ಶಕ್ತಿ ಸುಮಾರು 75 ಕ್ಯಾಲೊರಿ.

ಚೆನ್ನಾಗಿ ಕಡೆದರೆ 80 ಗ್ರಾಂ ಕೊಬ್ಬಿನಲ್ಲಿ 70 ಗ್ರಾಂ ಬೆಣ್ಣೆಯಾಗಿ ಹೊರಬರುತ್ತದೆ. ಕೈಬೆಣ್ಣೆಯಲ್ಲಿ ನೀರಿನ ಅಂಶವೂ ಇರುವುದರಿಂದ ಉಂಡೆಯ ತೂಕ 90 ಗ್ರಾಂ ಹತ್ತಿರ ಇರುತ್ತದೆ. ಉಳಿದ ಮಜ್ಜಿಗೆಯ ಒಂದು ಲೋಟದಲ್ಲಿ ಕೊಬ್ಬು 0.6 ಗ್ರಾಂ ಮಾತ್ರ. ಪ್ರೋಟೀನೂ ಕ್ಯಾಲ್ಸಿಯಮ್ಮೂ ಹೆಚ್ಚುಕಡಿಮೆ ಅಷ್ಟೇ ಇರುತ್ತವೆ, ಏಕೆಂದರೆ ಅವು ಬೆಣ್ಣೆಯ ಜತೆ ಹೋಗುವುದಿಲ್ಲ. ಶಕ್ತಿ ಸುಮಾರು 40 ಕ್ಯಾಲೊರಿ.

ಇಡೀ ವ್ಯತ್ಯಾಸ ಇರುವುದು ಕೊಬ್ಬಿನಲ್ಲಿ ಮತ್ತು ಕೊಬ್ಬಿನಲ್ಲಿ ಕರಗಿರುವ ಎ ಜೀವಸತ್ವದಂಥವುಗಳಲ್ಲಿ. ಅವು ಬೆಣ್ಣೆಯ ಬಟ್ಟಲಿಗೆ ಹೋದವು. ನೀರಿನಲ್ಲಿ ಕರಗುವ ಬಿ ಗುಂಪಿನ ಜೀವಸತ್ವಗಳು ಎರಡು ಲೋಟಗಳಲ್ಲೂ ಇವೆ. ಮೊಸರಿನ ಜೀವಂತ ಬ್ಯಾಕ್ಟೀರಿಯಾಗಳೂ ಎರಡರಲ್ಲೂ ಇರುತ್ತವೆ, ಕಡಗೋಲಿನ ಪೆಟ್ಟಿಗೆ ಅವು ಸಾಯುವುದಿಲ್ಲ. ಹಾಲಿನ ಸಕ್ಕರೆಯೂ ಎರಡರಲ್ಲಿ ಒಂದೇ ಅಳತೆ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಮಜ್ಜಿಗೆ ಹೊಂದಿಕೊಳ್ಳುವುದು ಹೆಪ್ಪಿನ ಬ್ಯಾಕ್ಟೀರಿಯಾಗಳು ಆ ಸಕ್ಕರೆಯಲ್ಲಿ ಒಂದು ಪಾಲನ್ನು ಹುಳಿಯಾಗಿಸಿರುವುದರಿಂದ. ಕಡೆದದ್ದಕ್ಕೂ ಅದಕ್ಕೂ ಸಂಬಂಧವಿಲ್ಲ.

ಕಡೆದ ಮಜ್ಜಿಗೆಯಲ್ಲಿ ಲೆಸಿಥಿನ್ ಹೆಚ್ಚು ಎನ್ನುತ್ತಾರಲ್ಲ?

ಅರ್ಧ ನಿಜ. ಮೇಲೆ ಹೇಳಿದ ಪೊರೆಯಲ್ಲಿ ಲೆಸಿಥಿನ್ ಎಂಬ ಕೊಬ್ಬಿನ ಜಾತಿಯ ವಸ್ತು ಇದೆ, ಕಡೆಯುವಾಗ ಅದು ಹೆಚ್ಚಾಗಿ ಮಜ್ಜಿಗೆಗೆ ಬರುತ್ತದೆ. ಹಾಗಾಗಿ ಉಳಿದ ಕೊಬ್ಬಿಗೆ ಹೋಲಿಸಿದರೆ ಅದರ ಪಾಲು ದೊಡ್ಡದಾಗಿ ಕಾಣುತ್ತದೆ. ಆದರೆ ನೀರು ಬೆರೆಸಿದ ಮೊಸರಿನಲ್ಲಿ ಪೊರೆ ಎಲ್ಲಿಗೂ ಹೋಗಿಲ್ಲ, ಪೂರ್ತಿ ಅಲ್ಲೇ ಇದೆ. ಒಂದೇ ಮೊಸರಿನಿಂದ ಒಂದೇ ಪ್ರಮಾಣದ ನೀರಿನಲ್ಲಿ ಮಾಡಿದ ಎರಡು ಲೋಟ ಎದುರಿಗಿಟ್ಟರೆ, ಕಡೆದದ್ದರಲ್ಲಿ ಲೆಸಿಥಿನ್ ಹೆಚ್ಚಿರಲು ಸಾಧ್ಯವೇ ಇಲ್ಲ. ಕಡೆಯುವುದರಿಂದ ಯಾವ ಪೋಷಕಾಂಶವೂ ಹೊಸದಾಗಿ ಹುಟ್ಟುವುದಿಲ್ಲ. ಕಡೆದ ಮಜ್ಜಿಗೆಯ ಹಿರಿಮೆ ಬೇರೆ ಕಡೆ ಇದೆ: ಪ್ರೋಟೀನು ಕ್ಯಾಲ್ಸಿಯಂ ಉಳಿಸಿಕೊಂಡು ಕೊಬ್ಬು ಬಿಟ್ಟಿರುವುದರಲ್ಲಿ, ಮತ್ತು ರುಚಿಯಲ್ಲಿ.

ಹಾಗಾದರೆ ಯಾರಿಗೆ ಯಾವುದು?

ಕೊಬ್ಬು ಕಡಿಮೆ ಮಾಡಿ ಎಂದು ವೈದ್ಯರು ಹೇಳಿದವರಿಗೆ, ಊಟದ ಕೊನೆಗೆ ಎರಡು ಮೂರು ಲೋಟ ಕುಡಿಯುವ ರೂಢಿ ಇದ್ದವರಿಗೆ ಕಡೆದದ್ದು ಒಳ್ಳೆಯದು. ದಿನಕ್ಕೆ ಮೂರು ಲೋಟವಾದರೆ ಮೇಲಿನ ಲೆಕ್ಕದಲ್ಲಿ 12 ಗ್ರಾಂ ಕೊಬ್ಬು ಕಡಿಮೆಯಾಗುತ್ತದೆ. ಬೆಳೆಯುವ ಮಕ್ಕಳಿಗೆ, ಊಟ ಸೇರದೆ ತೆಳ್ಳಗಾದ ಹಿರಿಯರಿಗೆ ಬೆಣ್ಣೆ ತೆಗೆದು ಕೊಡುವುದರಲ್ಲಿ ಅರ್ಥವಿಲ್ಲ. ಅವರಿಗೆ ಮೊಸರಿಗೇ ಸ್ವಲ್ಪ ನೀರು ಬೆರೆಸಿ ಕೊಡಿ. ಹಳೆಯ ಮನೆಗಳಲ್ಲಿ ಮಕ್ಕಳಿಗೆ ಮಜ್ಜಿಗೆ ಅನ್ನದ ಮೇಲೆ ಅಷ್ಟು ಬೆಣ್ಣೆ ಇಡುತ್ತಿದ್ದುದು ಇದೇ ಲೆಕ್ಕವನ್ನು ಸರಿದೂಗಿಸುತ್ತಿತ್ತು.

ಉಪ್ಪಿನ ವಿಷಯ ಎರಡಕ್ಕೂ ಒಂದೇ. ಒಂದು ಲೀಟರಿಗೆ ಒಂದು ಟೀ ಚಮಚ ಉಪ್ಪು ಹಾಕಿದರೆ ಲೋಟಕ್ಕೆ ಸುಮಾರು 1 ಗ್ರಾಂ ಆಯಿತು. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವುದು 5 ಗ್ರಾಂಗಿಂತ ಕಡಿಮೆ. ರಕ್ತದೊತ್ತಡ ಇರುವವರು ಸಪ್ಪೆ ಮಜ್ಜಿಗೆಗೆ ಅಭ್ಯಾಸವಾಗುವುದು ಲೇಸು.

ರುಚಿ ಬೇರೆ ಎನ್ನುವುದು ಬರೀ ನೆನಪಿನ ಮಾತೇ, ನಿಜವೇ?

ನಿಜ, ಅದಕ್ಕೆ ಕಾರಣಗಳೂ ಇವೆ. ಕೊಬ್ಬು ನಾಲಗೆಗೆ ತೆಳುವಾಗಿ ಹಚ್ಚಿಕೊಂಡು ಹುಳಿಯನ್ನೂ ಉಪ್ಪನ್ನೂ ಮಂಕಾಗಿಸುತ್ತದೆ. ಆದ್ದರಿಂದ ನೀರು ಬೆರೆಸಿದ ಮೊಸರು ಅಷ್ಟೇ ಹುಳಿಯಿದ್ದರೂ ಮೆತ್ತಗೆ, ದಪ್ಪಗೆ ಅನ್ನಿಸುತ್ತದೆ. ಕುಡಿದ ಮೇಲೆ ಬಾಯಲ್ಲಿ ಜಿಡ್ಡು ನಿಲ್ಲುತ್ತದೆ. ಕಡೆದದ್ದರಲ್ಲಿ ಆ ಪದರ ಇಲ್ಲ. ಹುಳಿ ತಕ್ಷಣ ತಾಗಿ ತಕ್ಷಣ ಹೋಗುತ್ತದೆ, ಗಂಟಲು ಹಗುರವಾಗುತ್ತದೆ. ಉಪ್ಪು ಕಡಿಮೆ ಸಾಕು. ಸೂಜಿಮೆಣಸು ಜಜ್ಜಿ ಹಾಕುವವರು ಗಮನಿಸಿ, ಮೆಣಸಿನ ಖಾರ ಕೊಬ್ಬಿನಲ್ಲಿ ಕರಗುವಂಥದ್ದು. ಕೊಬ್ಬಿಲ್ಲದ ಮಜ್ಜಿಗೆಯಲ್ಲಿ ಅದೇ ಮೆಣಸು ಹೆಚ್ಚು ಚುರುಕಾಗಿರುತ್ತದೆ.

ಇನ್ನೊಂದು ವ್ಯತ್ಯಾಸ ನಯದಲ್ಲಿ. ಸೌಟಿನಿಂದ ಕಲಕಿದ್ದರಲ್ಲಿ ಮೊಸರಿನ ಸಣ್ಣ ಗಂಟುಗಳು ಉಳಿಯುತ್ತವೆ, ಹತ್ತು ನಿಮಿಷ ಬಿಟ್ಟರೆ ತಳಕ್ಕೆ ಕೂತು ಮೇಲೆ ನೀರು ನಿಲ್ಲುತ್ತದೆ. ಇಪ್ಪತ್ತು ನಿಮಿಷ ಕಡೆದದ್ದರಲ್ಲಿ ಮೊಸರು ಹುಡಿಹುಡಿಯಾಗಿ ಬೆರೆತಿರುವುದರಿಂದ ನಿಧಾನವಾಗಿ ಕೂರುತ್ತದೆ. ನಡುವೆ ಅಲ್ಲೊಂದು ಇಲ್ಲೊಂದು ಬೆಣ್ಣೆಯ ಕಾಳು ಸಿಗುವುದೂ ಕಡೆದ ಮಜ್ಜಿಗೆಯ ಗುರುತೇ.

ಮನೆಯಲ್ಲಿ ಹೋಲಿಸಿ ನೋಡುವವರು ಒಂದು ತಪ್ಪು ಮಾಡುತ್ತಾರೆ. ಒಂದಕ್ಕೆ ಅರ್ಧ ನೀರು, ಇನ್ನೊಂದಕ್ಕೆ ಮೂರು ಪಾಲು ನೀರು ಹಾಕಿ, ನಿನ್ನೆಯ ಮೊಸರನ್ನು ಇವತ್ತಿನದರ ಜತೆ ಇಟ್ಟು ತೀರ್ಪು ಕೊಡುತ್ತಾರೆ. ನೀರಿನ ಪ್ರಮಾಣವೇ ಕಡೆಯುವುದಕ್ಕಿಂತ ಹೆಚ್ಚು ಬದಲಾವಣೆ ತರುತ್ತದೆ. ಒಂದೇ ಗಡಿಗೆಯ ಮೊಸರನ್ನು ಎರಡು ಪಾಲು ಮಾಡಿ, ನೀರು, ಉಪ್ಪು, ತಣ್ಪು ಮೂರನ್ನೂ ಸಮ ಮಾಡಿ, ಯಾವ ಲೋಟ ಯಾವುದೆಂದು ಹೇಳದೆ ಕೊಟ್ಟು ನೋಡಿ. ಆಗ ತಿಳಿಯುವುದು ಮಾತ್ರ ನಂಬಬಹುದಾದ ವ್ಯತ್ಯಾಸ.

ಸರಿಯಾಗಿ ಕಡೆಯುವುದು ಹೇಗೆ?

2 ಲೀಟರ್ ಹಾಲನ್ನು ಸಂಜೆ ಕಾಯಿಸಿ, ಕೆನೆ ತೆಗೆಯದೆ ಆರಲು ಬಿಡಿ. ಬೆರಳಿಟ್ಟರೆ ಹಿತವಾಗಿ ಬೆಚ್ಚಗಿದೆ ಅನ್ನಿಸಿದಾಗ, ಅಂದರೆ 40 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ, ನಾಲ್ಕು ಟೀ ಚಮಚ ಹೆಪ್ಪು ಬೆರೆಸಿ. ಬೇಸಿಗೆಯಲ್ಲಿ ಆರೇಳು ಗಂಟೆಗೆ ಮೊಸರಾಗುತ್ತದೆ. ಆಗುಂಬೆ ಕಡೆಯ ಮಳೆಗಾಲದಲ್ಲಿ ಹನ್ನೆರಡು ಗಂಟೆಯೂ ಬೇಕಾದೀತು, ಪಾತ್ರೆಯನ್ನು ಒಲೆಯ ಪಕ್ಕ ಇಡಿ. ಅರೆಬರೆ ಹೆಪ್ಪಾದ ಸಿಹಿ ಮೊಸರಿನಿಂದ ಬೆಣ್ಣೆ ಸುಲಭಕ್ಕೆ ಬರುವುದಿಲ್ಲ. ಗಟ್ಟಿಯಾಗಿ ಕೂತು, ಹದವಾಗಿ ಹುಳಿ ಬಂದಿರಬೇಕು.

ಕಡೆಯುವ ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು, ನೊರೆಗೆ ಜಾಗ ಬೇಕು. ಮೊದಲು ನೀರು ಹಾಕದೆ ಎರಡು ನಿಮಿಷ ನಿಧಾನವಾಗಿ ಕಡೆದು ಗೆಡ್ಡೆ ಒಡೆಯಿರಿ. ಆಮೇಲೆ ಅರ್ಧ ಲೀಟರ್ ತಣ್ಣೀರು ಹಾಕಿ, ಹಗ್ಗವನ್ನು ಒಂದೇ ಲಯದಲ್ಲಿ ಎಳೆಯಿರಿ. ಮೊದಲು ನೊರೆ ಏರುತ್ತದೆ. ಹದಿನೈದು ಇಪ್ಪತ್ತು ನಿಮಿಷಕ್ಕೆ ನೊರೆ ಇಳಿದು, ಮೆತ್ತಗಿದ್ದ ಸದ್ದು ನೀರಿನ ಸದ್ದಾಗಿ ಬದಲಾಗುತ್ತದೆ, ಕಡಗೋಲಿಗೆ ರವೆಯಂಥ ಕಾಳು ಅಂಟುತ್ತದೆ. ಇದು ಉಳಿದ ಒಂದು ಲೀಟರ್ ತಣ್ಣೀರು ಹಾಕುವ ಹೊತ್ತು. ನೀರು ಬಿದ್ದೊಡನೆ ಕಾಳು ಗಟ್ಟಿಯಾಗಿ ಮೇಲೆ ತೇಲುತ್ತದೆ. ಇಲ್ಲಿಂದ ಮುಂದೆ ಜೋರಾಗಿ ಕಡೆಯಬೇಡಿ. ನಿಧಾನವಾಗಿ ತಿರುಗಿಸುತ್ತ ಕಾಳನ್ನು ಒಂದುಗೂಡಿಸಿ, ಒದ್ದೆ ಕೈಯಿಂದ ಉಂಡೆ ಎತ್ತಿ. ಒಣಕೈಗೆ ಬೆಣ್ಣೆ ಮೆತ್ತಿಕೊಳ್ಳುತ್ತದೆ.

ಎಷ್ಟು ಕಡೆದರೂ ಬೆಣ್ಣೆ ಬರುತ್ತಿಲ್ಲ. ಏಕೆ?

ಹೆಚ್ಚಿನ ಸಲ ಕಾರಣ ಹವೆಯೇ. ಮೊಸರು 18ರಿಂದ 22 ಡಿಗ್ರಿ ಇದ್ದಾಗ ಕೊಬ್ಬು ತೀರ ಗಟ್ಟಿಯೂ ಅಲ್ಲ, ತೀರ ಮೆತ್ತಗೂ ಅಲ್ಲ, ಬೇಗ ಕೂಡುತ್ತದೆ. ಮಲೆನಾಡಿನಲ್ಲಿ ಬೆಳಗಿನ ಜಾವ ಕಡೆಯುವ ರೂಢಿ ಬಂದದ್ದು ಸುಮ್ಮನೆ ಅಲ್ಲ, ಆ ಹೊತ್ತಿನಲ್ಲಿ ಮೊಸರು ತಾನಾಗಿ ಈ ಹದಕ್ಕೆ ಹತ್ತಿರ ಇರುತ್ತದೆ.

ಪುಷ್ಯದ ಚಳಿಯಲ್ಲಿ ಅಥವಾ ಫ್ರಿಜ್‌ನಿಂದ ತೆಗೆದೊಡನೆ ಕಡೆದರೆ ನೊರೆ ಏರುತ್ತಲೇ ಇರುತ್ತದೆ, ಇಳಿಯುವುದಿಲ್ಲ. ಕೊಬ್ಬಿನ ಹನಿ ಕಲ್ಲಿನಂತೆ ಗಟ್ಟಿಯಾಗಿ ಒಂದಕ್ಕೊಂದು ಅಂಟುತ್ತಿಲ್ಲ ಎಂದರ್ಥ. ಒಂದು ಲೋಟ ಉಗುರುಬೆಚ್ಚಗಿನ ನೀರು ಹಾಕಿ ಐದು ನಿಮಿಷ ಬಿಟ್ಟು ಮತ್ತೆ ಕಡೆಯಿರಿ. ಅವಸರಕ್ಕೆ ಬಿಸಿನೀರು ಸುರಿದರೆ ಎದುರು ತೊಂದರೆ ಶುರು. ಕೊಬ್ಬು ಎಣ್ಣೆಯಾಗಿ ಮಜ್ಜಿಗೆಯಲ್ಲೇ ಬೆರೆತುಹೋಗುತ್ತದೆ. ಮಾರ್ಚ್, ಏಪ್ರಿಲ್ ತಿಂಗಳ ಶಿವಮೊಗ್ಗದ ಮಧ್ಯಾಹ್ನದಲ್ಲಿ ಬಿಸಿನೀರು ಹಾಕದೆಯೂ ಇದೇ ಆಗುತ್ತದೆ. ಬೆಣ್ಣೆ ಪೇಸ್ಟಿನಂತೆ ಮೆತ್ತಗಾಗಿ ಕೈಗೆ ಸಿಗುವುದಿಲ್ಲ, ಲೋಟದ ಒಳಗೋಡೆಗೆ ಜಿಡ್ಡಿನ ಪದರ ನಿಲ್ಲುತ್ತದೆ. ಆಗ ಮಂಜುಗಡ್ಡೆಯ ನಾಲ್ಕು ತುಂಡು ಹಾಕಿದರೆ ಕಾಳು ಕಟ್ಟುತ್ತದೆ.

ಬೆಣ್ಣೆ ಪೂರ್ತಿ ಬಂದಿದೆಯೇ ಎಂದು ನೋಡಲು ಸುಲಭದ ದಾರಿ ಇದೆ. ಒಂದು ಎತ್ತರದ ಗಾಜಿನ ಲೋಟದಲ್ಲಿ ಮಜ್ಜಿಗೆ ತುಂಬಿ ಎರಡು ಗಂಟೆ ಫ್ರಿಜ್‌ನಲ್ಲಿಡಿ. ಮೇಲೆ ಹಳದಿ ಬಣ್ಣದ ಬೆಣ್ಣೆಯ ಉಂಗುರ ಕಟ್ಟಿದ್ದರೆ ಕಡೆದದ್ದು ಸಾಲದು, ಅಥವಾ ಹವೆ ಸರಿಯಿರಲಿಲ್ಲ.

ಪ್ಯಾಕೆಟ್ ಹಾಲಿನ ಮೊಸರನ್ನು ಕಡೆಯಬಹುದೇ?

ಪ್ಯಾಕೆಟ್ ಮೇಲೆ ‘ಹೋಮೊಜಿನೈಸ್ಡ್’ ಎಂದಿದೆಯೇ ಎಂದು ಮೊದಲು ಓದಿ. ಆ ಹಾಲನ್ನು ಭಾರಿ ಒತ್ತಡದಲ್ಲಿ ಸಣ್ಣ ಸಂದಿಯಿಂದ ಹಾಯಿಸಿ ಕೊಬ್ಬಿನ ಹನಿಗಳನ್ನು ಇನ್ನೂ ಚೂರು ಮಾಡಿರುತ್ತಾರೆ. ಚೂರಾದ ಹನಿಗಳಿಗೆ ಹಾಲಿನ ಪ್ರೋಟೀನೇ ಹೊಸ ಹೊದಿಕೆಯಾಗಿ ಅಂಟಿಕೊಳ್ಳುತ್ತದೆ. ಹಾಲಿನ ಮೇಲೆ ಕೆನೆ ಕಟ್ಟದಿರಲಿ ಎಂದೇ ಹಾಗೆ ಮಾಡುವುದು, ಆದ್ದರಿಂದ ಬೆಣ್ಣೆಯೂ ಕೂಡುವುದಿಲ್ಲ. ಅದರ ಮೊಸರನ್ನು ಗಂಟೆಗಟ್ಟಲೆ ಕಡೆದರೂ ಸಿಗುವುದು ನೊರೆ ಬಂದ ನೀರುಮೊಸರೇ. ಕೈಗುಣ ಸರಿಯಿಲ್ಲ ಎಂದು ಬೇಸರ ಪಡುವ ಅಗತ್ಯವಿಲ್ಲ.

ಹೋಮೊಜಿನೈಸ್ ಮಾಡದ ಟೋನ್ಡ್ ಹಾಲಿನಿಂದ ಬೆಣ್ಣೆ ಬರುತ್ತದೆ, ಆದರೆ ಅದರಲ್ಲಿ ಕೊಬ್ಬು ಶೇ 3 ಮಾತ್ರ. ಅಂಥ ಮನೆಗಳಿಗೆ ಕೊಬ್ಬು ಕಡಿಮೆ ಮಾಡುವುದೇ ಉದ್ದೇಶವಾದರೆ ಕಡೆಯುವ ಬದಲು ಡಬಲ್ ಟೋನ್ಡ್ ಹಾಲಿನ ಮೊಸರಿಗೆ ನೀರು ಬೆರೆಸುವುದೇ ಸಾಕು. ಶೇ 1.5 ಕೊಬ್ಬಿನ ಆ ಮೊಸರಿಗೆ ಒಂದೂವರೆ ಪಾಲು ನೀರು ಸೇರಿಸಿದರೆ ಲೋಟಕ್ಕೆ ಕೊಬ್ಬು 1.2 ಗ್ರಾಂಗೆ ಇಳಿಯುತ್ತದೆ. ಪ್ರೋಟೀನೂ ಅದೇ ಪ್ರಮಾಣದಲ್ಲಿ ತೆಳುವಾಗುತ್ತದೆ ಎಂಬುದು ನೆನಪಿರಲಿ.

ಮಿಕ್ಸಿಯಲ್ಲಿ ತಿರುಗಿಸಿದರೆ?

ಬೆಣ್ಣೆ ಬರುವ ತನಕ ತಿರುಗಿಸಿದರೆ ಅದೂ ಕಡೆದಂತೆಯೇ. ಮೊಸರು ತಣ್ಣಗಿರಲಿ, ಜಾರು ಅರ್ಧಕ್ಕೆ ತುಂಬಿ, ಐದೈದು ಸೆಕೆಂಡು ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಒಂದೇ ಸಮನೆ ಓಡಿಸಿದರೆ ಬ್ಲೇಡಿನ ಬಿಸಿಗೆ ಬೆಣ್ಣೆ ಕರಗುತ್ತದೆ. ಹತ್ತು ಸೆಕೆಂಡು ತಿರುಗಿಸಿ ನೊರೆ ಬಂದೊಡನೆ ಲೋಟಕ್ಕೆ ಸುರಿದರೆ ಅದು ನೊರೆ ಇರುವ ನೀರುಮೊಸರು, ಕೊಬ್ಬೆಲ್ಲ ಒಳಗೇ ಇದೆ.

ವಾರವಿಡೀ ಕೆನೆ ಕೂಡಿಟ್ಟು ಕಡೆದಾಗ ಉಳಿಯುವ ಮಜ್ಜಿಗೆ ಕುಡಿಯಬಹುದೇ?

ಪೇಟೆಯ ಬಹಳ ಮನೆಗಳಲ್ಲಿ ಈಗ ಬೆಣ್ಣೆ ಆಗುವುದು ಹೀಗೆಯೇ. ಆದರೆ ಅದು ಈ ಪುಟದಲ್ಲಿ ಹೇಳುತ್ತಿರುವ ಮಜ್ಜಿಗೆಯಲ್ಲ. ಕೆನೆಯಲ್ಲಿ ಕೊಬ್ಬು ಹೆಚ್ಚು, ಮೊಸರಿನ ಅಂಶ ಕಡಿಮೆ, ಹಾಗಾಗಿ ಉಳಿಯುವ ದ್ರವದಲ್ಲಿ ಪ್ರೋಟೀನು ತೆಳು. ಹಳೆಯ ಕೆನೆಯಾದರೆ ಕಹಿಯೂ ಕಮಟು ವಾಸನೆಯೂ ಬಂದಿರುತ್ತದೆ. ಪ್ರೋಟೀನು ಕೊಬ್ಬುಗಳು ಒಡೆಯತೊಡಗಿದ್ದರ ಗುರುತು ಅದು. ಕಹಿ ಇದ್ದರೆ ಕುಡಿಯಬೇಡಿ, ಕರಿಬೇವಿನ ಬುಡಕ್ಕೆ ಹಾಕಿ. ಮೂರು ದಿನದೊಳಗಿನ, ಹೆಪ್ಪು ಹಾಕಿ ಫ್ರಿಜ್‌ನಲ್ಲಿಟ್ಟ ಕೆನೆಯದ್ದಾದರೆ ಮಜ್ಜಿಗೆ ಹುಳಿಗೆ ಬಳಸಲು ಅಡ್ಡಿಯಿಲ್ಲ.

ಮಜ್ಜಿಗೆ ಹುಳಿಯಾದಾಗ ಮೇಲಿನ ತಿಳಿ ಚೆಲ್ಲಿ ಹೊಸ ನೀರು ಹಾಕುತ್ತೇವೆ. ಪೋಷಕಾಂಶ ಹೋಗುತ್ತದೆಯೇ?

ಹೋಗುತ್ತದೆ. ತಿಳಿಗೆ ಇರುವ ತುಸು ಹಸಿರು ಛಾಯೆ ಬಿ2 ಜೀವಸತ್ವದ್ದು. ಹುಳಿಯ ಜತೆ ಕರಗಿದ ಕ್ಯಾಲ್ಸಿಯಮ್ಮೂ ಅದರಲ್ಲೇ ಇರುತ್ತದೆ. ಚೆಲ್ಲುವ ಬದಲು ಆ ತಿಳಿಯನ್ನು ದೋಸೆ ಹಿಟ್ಟು ಕಲಸಲು ಅಥವಾ ಸಾರಿಗೆ ಹುಳಿಯಾಗಿ ಬಳಸಿ. ಮೊದಲೇ ಎಲ್ಲ ನೀರನ್ನೂ ಸೇರಿಸಿಡದೆ, ಗಟ್ಟಿ ಮಜ್ಜಿಗೆಯನ್ನು ತಣ್ಣಗಿಟ್ಟು, ಬೇಕಾದಷ್ಟಕ್ಕೆ ಬೇಕಾದಾಗ ನೀರು ಬೆರೆಸುವುದು ಇನ್ನೂ ಒಳ್ಳೆಯದು.

ಸೇರಿಸುವ ನೀರಿನ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ಮಳೆಗಾಲದಲ್ಲಿ ಬಾವಿಗೂ ಅಬ್ಬಿಗೂ ಗುಡ್ಡದ ನೀರು ಇಳಿಯುತ್ತದೆ. ಮಜ್ಜಿಗೆಯ ಹುಳಿ ಎಲ್ಲ ರೋಗಾಣುಗಳನ್ನೂ ಕೊಲ್ಲುತ್ತದೆ ಎಂದು ನೆಚ್ಚಿಕೊಳ್ಳಬೇಡಿ. ಕಡೆಯುವುದಕ್ಕೂ ಬೆರೆಸುವುದಕ್ಕೂ ಕುದಿಸಿ ಆರಿಸಿದ ನೀರೇ ಆಗಬೇಕು.

ತಂಬುಳಿಗೆ ಯಾವುದು, ಮಜ್ಜಿಗೆ ಹುಳಿಗೆ ಯಾವುದು?

ತಂಬುಳಿಗೆ ಕಡೆದ ಮಜ್ಜಿಗೆಯೇ ಸರಿ. ಹತ್ತು ಹನ್ನೆರಡು ಒಂದೆಲಗದ ಎಲೆ, ಎರಡು ಚಮಚ ಕಾಯಿತುರಿ, ಕಾಲು ಚಮಚ ಜೀರಿಗೆ, ತುಪ್ಪದಲ್ಲಿ ಹುರಿದ ನಾಲ್ಕು ಕಾಳುಮೆಣಸು ನುಣ್ಣಗೆ ರುಬ್ಬಿ ಒಂದೂವರೆ ಲೋಟ ಮಜ್ಜಿಗೆಗೆ ಸೇರಿಸಿದರೆ ಸೊಪ್ಪಿನ ಪರಿಮಳ ಎದ್ದು ಬರುತ್ತದೆ. ನೀರುಮೊಸರಿನಲ್ಲಿ ಮಾಡಿದರೆ ಮೊಸರಿನ ದಪ್ಪ ರುಚಿ ಸೊಪ್ಪನ್ನು ಮುಚ್ಚಿಬಿಡುತ್ತದೆ. ಆದರೆ ಕೊಬ್ಬು ಕಡಿಮೆ ಎಂದು ಕಡೆದದ್ದನ್ನು ಆರಿಸಿದವರು ಕಾಯಿತುರಿಯನ್ನೂ ಎಣಿಸಬೇಕು. ಎರಡು ಚಮಚ ತುರಿಯಲ್ಲೇ ಮೂರು ನಾಲ್ಕು ಗ್ರಾಂ ಕೊಬ್ಬು ಇದೆ, ಕಡೆದು ಉಳಿಸಿದ್ದರಲ್ಲಿ ಅರ್ಧದಷ್ಟಾದರೂ ಅಲ್ಲಿಗೆ ವಾಪಸ್ಸು ಬಂತು.

ಮಜ್ಜಿಗೆ ಹುಳಿಯಲ್ಲಿ ಮಾತು ಬೇರೆ. ಕಾಯಿಸಿದಾಗ ಕೊಬ್ಬಿಲ್ಲದ ತೆಳು ಮಜ್ಜಿಗೆ ಬೇಗ ಒಡೆದು, ಮೇಲೆ ನೀರು ಕೆಳಗೆ ಗಸಿಯಾಗುತ್ತದೆ. ಅದಕ್ಕೆ ಗಟ್ಟಿ ಮೊಸರನ್ನೇ ಸ್ವಲ್ಪ ನೀರಿನಲ್ಲಿ ಕಲಕಿ ಬಳಸುವುದು ಸುಲಭ. ಕಡೆದದ್ದೇ ಇದ್ದರೆ, ರುಬ್ಬುವಾಗ ನೆನೆಸಿದ ಒಂದು ಚಮಚ ಅಕ್ಕಿ ಅಥವಾ ಕಡಲೆಬೇಳೆ ಸೇರಿಸಿ. ಹಿಟ್ಟಿನ ಅಂಶ ಪ್ರೋಟೀನನ್ನು ಗಂಟು ಕಟ್ಟಲು ಬಿಡುವುದಿಲ್ಲ. ಮಜ್ಜಿಗೆ ಹಾಕಿದ ಮೇಲೆ ಕೈಬಿಡದೆ ತಿರುಗಿಸುತ್ತ, ಅಂಚಿನಲ್ಲಿ ನೊರೆ ಏಳುತ್ತಿದ್ದ ಹಾಗೆ ಒಲೆಯಿಂದ ಇಳಿಸಿ.